ಝಡ್ ಪರೀಕ್ಷೆಯೋ ಟಿ ಪರೀಕ್ಷೆಯೋ: ಸಮಷ್ಟಿಯ ಹರಹು ತಿಳಿಯದಾಗ

ಮಾದರಿಯೊಂದರ ಸರಾಸರಿಯನ್ನು ಇಟ್ಟುಕೊಂಡು ಅದು ಬಂದ ಇಡೀ ಸಮಷ್ಟಿಯ ಸರಾಸರಿಯ ಬಗ್ಗೆ ತೀರ್ಮಾನ ಹೇಳಲು ಸಂಖ್ಯಾಶಾಸ್ತ್ರದಲ್ಲಿ ಬಳಕೆಯಲ್ಲಿರುವ ಎರಡು ವಿಧಾನಗಳು ಝಡ್ ಪರೀಕ್ಷೆ ಮತ್ತು ಟಿ ಪರೀಕ್ಷೆ. ಎರಡರಲ್ಲೂ ಮಾಡುವ ಲೆಕ್ಕ ಒಂದೇ ಬಗೆಯದು. ಮಾದರಿಯ ಸರಾಸರಿಗೂ ಊಹಿಸಿಕೊಂಡ ಸರಾಸರಿಗೂ ಇರುವ ವ್ಯತ್ಯಾಸವನ್ನು ಮಾನಕ ದೋಷದಿಂದ ಭಾಗಿಸುತ್ತಾರೆ. ಮಾನಕ ವಿಚಲನೆಯನ್ನು, ಅಂದರೆ ಹರಹನ್ನು, ಮಾದರಿಯ ಗಾತ್ರದ ವರ್ಗಮೂಲದಿಂದ ಭಾಗಿಸಿದರೆ ಸಿಗುವುದೇ ಮಾನಕ ದೋಷ. ಆ ಹರಹು ಹೊರಗಿನಿಂದ ಮೊದಲೇ ಗೊತ್ತಿದ್ದರೆ ಅದು ಝಡ್ ಪರೀಕ್ಷೆ. ಸರಾಸರಿ ಕೊಟ್ಟ ಮಾದರಿಯಿಂದಲೇ ಹರಹನ್ನೂ ಅಂದಾಜು ಮಾಡಿದ್ದರೆ ಟಿ ಪರೀಕ್ಷೆ. ಮಾದರಿ 30ಕ್ಕಿಂತ ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಇದು ನಿಂತಿದೆ ಎಂದು ಬಹಳ ಜನ ಕಲಿತಿದ್ದಾರೆ. ಇತಿಹಾಸ ಹೇಳುವುದು ಬೇರೆ.

ಬ್ರೂವರಿಯ ತೊಂದರೆ

19ನೇ ಶತಮಾನದ ಖಗೋಳ ಮತ್ತು ಭೂಮಾಪನ ತಜ್ಞರ ಕೈಯಲ್ಲಿ ಸಾಮಾನ್ಯವಾಗಿ ಸಾಕಷ್ಟು ಅಳತೆಗಳಿರುತ್ತಿದ್ದವು. ಮಾದರಿಯಿಂದ ಬಂದ ಹರಹನ್ನೇ ನಿಜವಾದ ಹರಹು ಎಂದು ಹಿಡಿದು ಪ್ರಸಾಮಾನ್ಯ ವಿತರಣೆಯ ಕೋಷ್ಟಕವನ್ನು ನೋಡಿಬಿಡುತ್ತಿದ್ದರು. ಜರ್ಮನಿಯ ಗಣಿತಜ್ಞ ಲ್ಯೂರೋತ್ 1876ರಲ್ಲೇ ಇಂದಿನ ಟಿ ವಿತರಣೆಯನ್ನು ಬೇರೊಂದು ದಾರಿಯಿಂದ ತಲುಪಿದ್ದ. ಆದರೆ ಅದು ಬಳಕೆಗೆ ಬರಲಿಲ್ಲ.

ತೊಂದರೆ ಎದ್ದದ್ದು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದ ವಿಲಿಯಂ ಸೀಲಿ ಗಾಸೆಟ್ 1899ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ. ಬಾರ್ಲಿ, ಹಾಪ್ಸ್, ಮಾಲ್ಟ್‌ಗಳ ಪ್ರಯೋಗಗಳಲ್ಲಿ ಅವನಿಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಅಳತೆಗಳು ಮಾತ್ರ. ಬಾರ್ಲಿ ಬೆಳೆಯ ಪ್ರಯೋಗಕ್ಕೆ ಇನ್ನಷ್ಟು ಅಂಕಿ ಬೇಕೆಂದರೆ ಮತ್ತೊಂದು ಹಂಗಾಮಿನವರೆಗೆ ಕಾಯಬೇಕು. ನಾಲ್ಕೈದು ಅಳತೆಗಳಿಂದ ತೆಗೆದ ಹರಹನ್ನು ನೆಚ್ಚಿಕೊಳ್ಳಬಹುದೇ ಎಂಬ ಅನುಮಾನ ಅವನನ್ನು 1905ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಬಳಿಗೆ ಕರೆದೊಯ್ಯಿತು. ಮರುವರ್ಷ ಕಂಪನಿಯೇ ಅವನನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಪಿಯರ್ಸನ್‌ನ ಪ್ರಯೋಗಾಲಯಕ್ಕೆ ಕಳಿಸಿತು. ನೂರಾರು, ಸಾವಿರಾರು ಅಳತೆಗಳ ಮೇಲೆ ಕೆಲಸ ಮಾಡುತ್ತಿದ್ದ ಪಿಯರ್ಸನ್‌ಗೆ ಸಣ್ಣ ಮಾದರಿಯ ಪ್ರಶ್ನೆ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಪುಣ್ಯಕ್ಕೆ ಅವನು ಅಡ್ಡಿಯನ್ನೂ ಮಾಡಲಿಲ್ಲ.

ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವುದು ಕಂಪನಿಗೆ ಇಷ್ಟವಿರಲಿಲ್ಲ. ಹೀಗಾಗಿ 1908ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಬಂದ ಅವನ ಲೇಖನದಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿತ್ತು. ಸೂತ್ರವನ್ನು ಅವನು ಭಾಗಶಃ ಊಹೆಯಿಂದಲೇ ಕಟ್ಟಿದ್ದ. ಅದನ್ನು ಒರೆಗೆ ಹಚ್ಚಲು 3000 ಕೈದಿಗಳ ಎತ್ತರ ಮತ್ತು ಎಡಗೈ ಮಧ್ಯದ ಬೆರಳಿನ ಉದ್ದದ ಅಳತೆಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದ. ಅವನ್ನು ಚೆನ್ನಾಗಿ ಕಲಸಿ, ಒಂದೊಂದಾಗಿ ಎತ್ತಿ, ಬಂದ ಕ್ರಮದಲ್ಲೇ ನಾಲ್ಕು ನಾಲ್ಕರಂತೆ 750 ಮಾದರಿಗಳನ್ನು ಮಾಡಿದ. ಒಂದೊಂದರ ಸರಾಸರಿ, ಒಂದೊಂದರ ಹರಹು ಲೆಕ್ಕ ಹಾಕಿ ತನ್ನ ಸೂತ್ರದೊಡನೆ ಹೋಲಿಸಿದ. ಇಂದು ಕಂಪ್ಯೂಟರ್ ಕಣ್ಣು ಮಿಟುಕಿಸುವುದರಲ್ಲಿ ಮುಗಿಸುವ ಈ ಅನುಕರಣ ಪ್ರಯೋಗ ಆಗ ಕೈಯಲ್ಲೇ ನಡೆಯಿತು.

ಹರಹಿನ ಅಂದಾಜು ಎಲ್ಲಿ ಕೈಕೊಡುತ್ತದೆ

ಮಾದರಿಯ ಹರಹು ತಾನೇ ಮಾದರಿಯಿಂದ ಮಾದರಿಗೆ ಏರಿಳಿಯುತ್ತದೆ. ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಸಲ. ಪ್ರಸಾಮಾನ್ಯ ಸಮಷ್ಟಿಯಿಂದ ನಾಲ್ಕು ನಾಲ್ಕರ ಮಾದರಿಗಳನ್ನು ತೆಗೆಯುತ್ತ ಹೋದರೆ ನೂರರಲ್ಲಿ ಸುಮಾರು 61 ಸಲ ಮಾದರಿಯ ಹರಹು ನಿಜವಾದ ಹರಹಿಗಿಂತ ಕಡಿಮೆ ಬರುತ್ತದೆ. ಭಾಜಕ ಕಡಿಮೆಯಾದರೆ ಭಾಗಲಬ್ಧ ಹಿಗ್ಗುತ್ತದೆ, ಏನೂ ಇಲ್ಲದ ಕಡೆ ಏನೋ ಇದೆ ಎಂದು ತೋರುತ್ತದೆ.

ಇದರಿಂದಾಗುವ ನಷ್ಟವನ್ನು ಅಳೆಯಬಹುದು. ಝಡ್ ಪರೀಕ್ಷೆಯಲ್ಲಿ 5 ಪ್ರತಿಶತದ ಗಡಿ 1.96. ಹರಹನ್ನು ಮಾದರಿಯಿಂದಲೇ ತೆಗೆದು ಈ ಗಡಿಯನ್ನು ಬಳಸಿದರೆ, ನಾಲ್ಕರ ಮಾದರಿಯಲ್ಲಿ ಸುಳ್ಳು ಎಚ್ಚರಿಕೆಯ ಪ್ರಮಾಣ 5ರ ಬದಲು ಸುಮಾರು 14.5 ಪ್ರತಿಶತಕ್ಕೆ ಏರುತ್ತದೆ. ಹತ್ತರ ಮಾದರಿಯಲ್ಲಿ ಅದು 8ರ ಆಸುಪಾಸು, ಮೂವತ್ತರಲ್ಲಿ 6ರ ಆಸುಪಾಸು. ಟಿ ಪರೀಕ್ಷೆ ಮಾಡುವುದು ಇಷ್ಟೇ: ಮಾದರಿ ಚಿಕ್ಕದಾದಷ್ಟೂ ಗಡಿಯನ್ನು ದೂರ ಸರಿಸುತ್ತದೆ. ಎಷ್ಟು ಸರಿಸಬೇಕೆಂಬುದು ಡಿಗ್ರಿ ಆಫ್ ಫ್ರೀಡಂ ಮೇಲೆ ನಿಲ್ಲುತ್ತದೆ. ಒಂದೇ ಮಾದರಿಯಿದ್ದಾಗ ಅದು ಗಾತ್ರಕ್ಕಿಂತ ಒಂದು ಕಡಿಮೆ.

ಹತ್ತು ರೋಗಿಗಳ ನಿದ್ದೆ

ಸ್ಟೂಡೆಂಟ್ ತನ್ನ ಲೇಖನದಲ್ಲೇ ಬಿಡಿಸಿದ ಉದಾಹರಣೆ ಇವತ್ತಿಗೂ ಪಾಠಕ್ಕೆ ಒದಗುತ್ತಿದೆ. ಕುಶ್ನಿ ಮತ್ತು ಪೀಬಲ್ಸ್ ಎಂಬುವರು 1905ರಲ್ಲಿ ಪ್ರಕಟಿಸಿದ ಈ ಅಂಕಿಗಳು ಅಮೆರಿಕದ ಕಲಮಜೂ ಮಾನಸಿಕ ಆಸ್ಪತ್ರೆಯವು. ಹತ್ತು ರೋಗಿಗಳಿಗೆ ಎರಡು ನಿದ್ದೆಯ ಔಷಧಿಗಳನ್ನು ಬೇರೆ ಬೇರೆ ರಾತ್ರಿಗಳಲ್ಲಿ ಕೊಟ್ಟು, ಪ್ರತಿ ಔಷಧಿಯಿಂದ ನಿದ್ದೆ ಸರಾಸರಿ ಎಷ್ಟು ಗಂಟೆ ಹೆಚ್ಚಿತು ಎಂದು ಬರೆದುಕೊಂಡಿದ್ದರು. (ಔಷಧಿಗಳ ಹೆಸರನ್ನು ಸ್ಟೂಡೆಂಟ್ ತಪ್ಪಾಗಿ ನಮೂದಿಸಿದ, ಮುಂದೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರನ ಪುಸ್ತಕಕ್ಕೂ ಅದೇ ತಪ್ಪು ದಾಟಿತು. ಲೆಕ್ಕಕ್ಕೆ ಅದರಿಂದ ಬಾಧೆಯಿಲ್ಲ.)

ಒಬ್ಬೊಬ್ಬ ರೋಗಿಗೂ ಎರಡನೆಯ ಔಷಧಿ ಮೊದಲನೆಯದಕ್ಕಿಂತ ಹೆಚ್ಚಾಗಿ ಕೊಟ್ಟ ನಿದ್ದೆ ಗಂಟೆಗಳಲ್ಲಿ ಹೀಗಿದೆ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಸರಾಸರಿ 1.58. ಮಾನಕ ವಿಚಲನೆ 1.23. ಅದನ್ನು 10ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.389. ಎರಡು ಔಷಧಿಗಳಿಗೂ ವ್ಯತ್ಯಾಸವಿಲ್ಲ ಎಂದು ಊಹಿಸಿದರೆ,

t = 1.58 / 0.389 = 4.06

ಮುಂದೆ ಯಾವ ಕೋಷ್ಟಕ ತೆರೆಯಬೇಕು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಪ್ರಸಾಮಾನ್ಯ ಕೋಷ್ಟಕವನ್ನು ನೋಡಿದರೆ, ವ್ಯತ್ಯಾಸವೇ ಇಲ್ಲದಿದ್ದಾಗ ಆಕಸ್ಮಿಕವಾಗಿ ಇಷ್ಟು ದೂರ ಸರಿಯುವ ಸಂಭವನೀಯತೆ ಎರಡೂ ಬದಿ ಸೇರಿ 0.00005. ಡಿಗ್ರಿ ಆಫ್ ಫ್ರೀಡಂ 9ರ ಟಿ ಕೋಷ್ಟಕದಲ್ಲಿ ಅದೇ 0.0028. ಎರಡೂ ಕಡೆ ತೀರ್ಮಾನ ಒಂದೇ, ಎರಡನೆಯ ಔಷಧಿಯೇ ಮೇಲು. ಆದರೆ ಸಾಕ್ಷ್ಯದ ಬಲವನ್ನು ಝಡ್ ಐವತ್ತು ಪಟ್ಟಿಗೂ ಮೀರಿ ಉಬ್ಬಿಸಿದೆ. 95 ಪ್ರತಿಶತ ವಿಶ್ವಾಸಾಂತರದಲ್ಲೂ ಇದು ಕಾಣುತ್ತದೆ. 1.96 ಬಳಸಿದರೆ ಹೆಚ್ಚಿನ ನಿದ್ದೆ 0.82ರಿಂದ 2.34 ಗಂಟೆ, ಸರಿಯಾದ 2.262 ಬಳಸಿದರೆ 0.70ರಿಂದ 2.46 ಗಂಟೆ.

ಈ ಅಂಕಿಗಳು ಆರ್ ತಂತ್ರಾಂಶದ ಜೊತೆಗೇ ಬರುತ್ತವೆ. ಹಾಗಾಗಿ ಯಾರು ಬೇಕಾದರೂ ಮಾಡಿ ನೋಡಬಹುದು:

```r
d <- with(sleep, extra[group == 2] - extra[group == 1])
t.test(d)
```

ಒಂಬತ್ತನೆಯ ರೋಗಿಯ 4.6 ಮಾತ್ರ ಉಳಿದವುಗಳ ಸಾಲಿಗೆ ಸೇರುವುದಿಲ್ಲ. ಔಷಧಿಯ ಪರವಾಗಿ ಎಲ್ಲಕ್ಕಿಂತ ಜೋರಾಗಿ ಸಾಕ್ಷಿ ನುಡಿಯುವ ಅಂಕಿ ಅದೇ. ಅದನ್ನು ಕೈಬಿಟ್ಟರೆ ಟಿ ಬೆಲೆ ಕುಸಿಯಬೇಕಲ್ಲವೇ? ಬದಲಿಗೆ 4.06 ಇದ್ದದ್ದು ಸುಮಾರು 5.66ಕ್ಕೆ ಏರುತ್ತದೆ! ಸರಾಸರಿ 1.24ಕ್ಕೆ ಇಳಿದರೂ ಮಾನಕ ವಿಚಲನೆ 1.23ರಿಂದ 0.66ಕ್ಕೆ, ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುವುದೇ ಕಾರಣ. ಟಿ ಪರೀಕ್ಷೆಯ ಮಿತಿ ಇಲ್ಲಿದೆ. ಸಮಷ್ಟಿ ಪ್ರಸಾಮಾನ್ಯ ಎಂಬ ನಂಬಿಕೆಯ ಮೇಲೆ ಸೂತ್ರ ನಿಂತಿದೆ. ಹತ್ತೇ ಅಳತೆಗಳಿದ್ದಾಗ ದೂರ ಸಿಡಿದ ಒಂದು ಅಂಕಿ ಸರಾಸರಿಯನ್ನೂ ಹರಹನ್ನೂ ಒಟ್ಟಿಗೇ ಎಳೆಯುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಿಲ್ಲ, ಅಂಕಿಗಳನ್ನು ಒಂದು ಗೆರೆಯ ಮೇಲೆ ಚುಕ್ಕಿಗಳಾಗಿ ಹಾಕಿ ನೋಡಿದರೆ ಸಾಕು. ಝಡ್‌ಗೆ ಬದಲಾಯಿಸಿದರೆ ಈ ರೋಗ ವಾಸಿಯಾಗುವುದಿಲ್ಲ.

ಝಡ್ ಟಿ ಆದದ್ದು, 30 ಬಂದದ್ದು

1908ರ ಲೇಖನದಲ್ಲಿ ‘ಟಿ’ ಎಂಬುದೇ ಇಲ್ಲ. ಸ್ಟೂಡೆಂಟ್ ತನ್ನ ಅನುಪಾತವನ್ನು z ಎಂದು ಕರೆದಿದ್ದ. ಅವನು ವ್ಯತ್ಯಾಸವನ್ನು ಮಾನಕ ದೋಷದಿಂದಲ್ಲ, ನೇರವಾಗಿ ಮಾನಕ ವಿಚಲನೆಯಿಂದ ಭಾಗಿಸುತ್ತಿದ್ದ. ಆ ವಿಚಲನೆಯನ್ನು ತೆಗೆಯುವಾಗಲೂ ಭಾಜಕವಾಗಿ ಇಡೀ ಗಾತ್ರವನ್ನೇ ಇಡುತ್ತಿದ್ದ. ನಿದ್ದೆಯ ಅಂಕಿಗಳಲ್ಲಿ ಅವನಿಗೆ ಬಂದದ್ದು 1.35. ಅದನ್ನು 9ರ ವರ್ಗಮೂಲದಿಂದ ಗುಣಿಸಿದರೆ ಹೆಚ್ಚುಕಡಿಮೆ ನಮ್ಮ 4.06 ಸಿಗುತ್ತದೆ. ಹಳೆಯ ಲೇಖನ ಓದುವವರು ಆ z ಅನ್ನು ಇಂದಿನ ಝಡ್ ಪರೀಕ್ಷೆ ಎಂದುಕೊಂಡರೆ ಅರ್ಥವೇ ತಿರುಗಿಹೋಗುತ್ತದೆ.

ಕೇಂಬ್ರಿಜ್‌ನಲ್ಲಿದ್ದ ತರುಣ ರೊನಾಲ್ಡ್ ಫಿಶರ್ 1912ರಲ್ಲಿ ಬಹು ಆಯಾಮದ ರೇಖಾಗಣಿತ ಬಳಸಿ ಸ್ಟೂಡೆಂಟನ ಊಹೆಗೆ ಪಕ್ಕಾ ಸಾಧನೆಯನ್ನು ಬರೆದು ಕಳಿಸಿದ. ಗಾಸೆಟ್‌ಗೆ ಆ ಗಣಿತ ಸಲೀಸಾಗಿ ದಕ್ಕಲಿಲ್ಲ, ಪತ್ರವನ್ನು ಪಿಯರ್ಸನ್‌ಗೆ ದಾಟಿಸಿದ. ಮುಂದೆ ಡಿಗ್ರಿ ಆಫ್ ಫ್ರೀಡಂ ಲೆಕ್ಕಕ್ಕೆ ಹೊಂದುವಂತೆ ಫಿಶರ್ ಈ ಅನುಪಾತವನ್ನು ಮರುರೂಪಿಸಿದ. ಅವನ 1925ರ ಪುಸ್ತಕ ‘ಸ್ಟ್ಯಾಟಿಸ್ಟಿಕಲ್ ಮೆಥಡ್ಸ್ ಫಾರ್ ರಿಸರ್ಚ್ ವರ್ಕರ್ಸ್’ ಟಿಯನ್ನು ಪ್ರಯೋಗಾಲಯಗಳ ಮೇಜಿಗೆ ತಂದಿತು.

ಆ ಪುಸ್ತಕದ ಟಿ ಕೋಷ್ಟಕ 1ರಿಂದ 30ರವರೆಗೆ ಒಂದೊಂದೇ ಸಾಲಾಗಿ ಇಳಿದು, ಆಮೇಲೆ ಒಮ್ಮೆಗೇ ಅನಂತಕ್ಕೆ ಹಾರುತ್ತದೆ. 5 ಪ್ರತಿಶತದ ಕಂಬದಲ್ಲಿ 30ರ ಎದುರು 2.042, ಅನಂತದ ಎದುರು 1.960. ಕೈಯಲ್ಲಿ ಲೆಕ್ಕ ಹಾಕುವ ಕಾಲಕ್ಕೆ ಆ ಅಂತರ ನಿರ್ಲಕ್ಷಿಸುವಂಥದ್ದೇ. 30 ದಾಟಿದರೆ ಝಡ್ ಎಂಬ ಸೂತ್ರ ಬೇರೂರಲು ಇಂಥ ಕೋಷ್ಟಕಗಳ ಪಾಲು ದೊಡ್ಡದು ಎಂದೇ ತೋರುತ್ತದೆ. ನಮ್ಮ ಪಿಯುಸಿ, ಪದವಿ ತರಗತಿಗಳ ದೊಡ್ಡ ಮಾದರಿ, ಸಣ್ಣ ಮಾದರಿ ಎಂಬ ವಿಂಗಡಣೆಯೂ ಅದರ ವಾರಸುದಾರ. ಪುಟ ಉಳಿಸಲು ಮಾಡಿದ ಅನುಕೂಲ ಕ್ರಮೇಣ ನಿಯಮದ ವೇಷ ತೊಟ್ಟಿತು. ಪರೀಕ್ಷೆಯಲ್ಲಿ ಅಂಕ ಗಳಿಸಲು ಅದು ಸಾಕು. ತಂತ್ರಾಂಶ ಯಾವ ಗಾತ್ರಕ್ಕಾದರೂ ನಿಖರ ಟಿ ಬೆಲೆ ಕೊಡುವಾಗ 30ರಲ್ಲಿ ಪರೀಕ್ಷೆ ಬದಲಿಸಲು ಕಾರಣವೇ ಇಲ್ಲ. ಮಾದರಿ ಬೆಳೆದಂತೆ ಟಿ ತಾನಾಗಿಯೇ ಝಡ್‌ಗೆ ಕೂಡಿಕೊಳ್ಳುತ್ತದೆ.

ಝಡ್‌ಗೆ ಉಳಿದ ಜಾಗ

ವರ್ಷಗಟ್ಟಲೆ ದಾಖಲೆಯಿಂದ ಹರಹು ಗೊತ್ತಿರುವ ಪ್ಯಾಕಿಂಗ್ ಯಂತ್ರದಂಥ ಕಡೆ ನಾಲ್ಕು ಪೊಟ್ಟಣ ತೂಗಿದರೂ ಝಡ್ ಸರಿ. ಯಂತ್ರ ರಿಪೇರಿಯಾಗಿದ್ದರೆ ಹಳೆಯ ಹರಹನ್ನು ನಂಬುವಂತಿಲ್ಲ. ಪ್ರಮಾಣಗಳ ಪರೀಕ್ಷೆಯಲ್ಲೂ ಝಡ್ ಸಲ್ಲುತ್ತದೆ. ನಾಣ್ಯವನ್ನು 400 ಸಲ ಚಿಮ್ಮಿ 220 ಸಲ ತಲೆ ಬಿದ್ದರೆ, ನಾಣ್ಯ ನ್ಯಾಯವಾದದ್ದು ಎಂಬ ಊಹೆಯೇ ಹರಹು 0.5 ಎಂದು ನಿಗದಿ ಮಾಡಿಬಿಡುತ್ತದೆ. ಮಾನಕ ದೋಷ 0.025, ಝಡ್ ಬೆಲೆ 2. ಇಲ್ಲಿ ಪ್ರತ್ಯೇಕವಾಗಿ ಅಂದಾಜು ಮಾಡಬೇಕಾದ ಹರಹೇ ಇಲ್ಲ.

ಎಕ್ಸೆಲ್‌ನ `Z.TEST` ಮಾತ್ರ ಸದ್ದಿಲ್ಲದೆ ದಾರಿ ತಪ್ಪಿಸುತ್ತದೆ. ಅದರ ಮೂರನೆಯ ಜಾಗದಲ್ಲಿ ಸಮಷ್ಟಿಯ ಹರಹನ್ನು ಕೊಡಬೇಕು, ಕೊಡದಿದ್ದರೆ ಅದು ಮಾದರಿಯ ಹರಹನ್ನೇ ಬಳಸಿಕೊಳ್ಳುತ್ತದೆ, ತಕರಾರು ತೆಗೆಯುವುದಿಲ್ಲ. ನಿದ್ದೆಯ ಹತ್ತು ಅಂಕಿಗಳಿಗೆ `=Z.TEST(A1:A10,0)` ಎಂದು ಬರೆದರೆ ಒಂದು ಬದಿಯ ಸಂಭವನೀಯತೆ 0.000024 ಎಂದು ಬರುತ್ತದೆ. `=T.DIST.RT(4.0621,9)` ಕೊಡುವ ಉತ್ತರ 0.0014.