ರೇಖಾಂಶದ ಡಿಗ್ರಿಯಿಂದ ಕಿಲೋಮೀಟರಿಗೆ: ಕೋಲಾರ ಸೀಮೆಯ ಅಳತೆಯ ಇತಿಹಾಸ

ಭೂಮಿಯ ಮೇಲಿನ ಎರಡು ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶ ತಿಳಿದಿದ್ದರೆ ಅವುಗಳ ನಡುವಿನ ದೂರವನ್ನು ಲೆಕ್ಕ ಹಾಕಬಹುದು. ಇದಕ್ಕೆ 1 ಡಿಗ್ರಿ ಎಷ್ಟು ಕಿಲೋಮೀಟರು ಎಂಬುದು ಗೊತ್ತಿರಬೇಕು. ಅಕ್ಷಾಂಶದ ಡಿಗ್ರಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಸಮಭಾಜಕದಲ್ಲಿ 110.57 ಕಿ.ಮೀ., ಧ್ರುವದಲ್ಲಿ 111.69 ಕಿ.ಮೀ. ರೇಖಾಂಶದ ಡಿಗ್ರಿ ಹಾಗಲ್ಲ. ಅದು ಸಮಭಾಜಕದಲ್ಲಿ 111.32 ಕಿ.ಮೀ. ಇದ್ದು, ಧ್ರುವದತ್ತ ಹೋದಂತೆ ಕುಗ್ಗುತ್ತ ಧ್ರುವದಲ್ಲಿ ಸೊನ್ನೆಯಾಗುತ್ತದೆ. ಕಾಮಸಮುದ್ರ, ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಗಳು ಇರುವ ಸುಮಾರು 12.9° ಉತ್ತರದಲ್ಲಿ ಅದರ ಉದ್ದ 108.5 ಕಿ.ಮೀ.

ಕುಗ್ಗುವುದಕ್ಕೆ ಕಾರಣ ಸರಳ. ರೇಖಾಂಶದ ಗೆರೆಗಳೆಲ್ಲ ಎರಡು ಧ್ರುವಗಳಲ್ಲಿ ಕೂಡುತ್ತವೆ. ಕಾಮಸಮುದ್ರದ ಮೂಲಕ ಪೂರ್ವ–ಪಶ್ಚಿಮವಾಗಿ ಭೂಮಿಯನ್ನು ಸುತ್ತುವ ವೃತ್ತವನ್ನು ಕಲ್ಪಿಸಿಕೊಂಡರೆ, ಅದರ ಕೇಂದ್ರ ಇರುವುದು ಭೂಮಿಯ ಅಕ್ಷದ ಮೇಲೆ, ಭೂಕೇಂದ್ರದಿಂದ ಉತ್ತರಕ್ಕೆ. ಆದ್ದರಿಂದ ಅದರ ತ್ರಿಜ್ಯ ಭೂಮಿಯ ತ್ರಿಜ್ಯಕ್ಕಿಂತ ಚಿಕ್ಕದು; ಭೂಮಿಯ ತ್ರಿಜ್ಯವನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಿದಷ್ಟು. ವೃತ್ತ ಚಿಕ್ಕದಾದರೂ ಅದನ್ನು 360 ಭಾಗ ಮಾಡುವುದು ತಪ್ಪುವುದಿಲ್ಲವಾಗಿ ಪ್ರತಿ ಭಾಗವೂ ಅದೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ.

ಇಷ್ಟು ಪಠ್ಯಪುಸ್ತಕಗಳಲ್ಲೇ ಇದೆ. ಈ ಅಳತೆಯ ಇತಿಹಾಸದಲ್ಲಿ ಕೋಲಾರ ಸೀಮೆಯ ಪಾತ್ರ ಮಾತ್ರ ಎರಡು ಬೇರೆ ಬೇರೆ ಕಥೆಗಳಲ್ಲಿ ಹಂಚಿಹೋಗಿದೆ. ಚಿನ್ನದ ಗಣಿಯ ಚರಿತ್ರೆ ಬರೆದವರು ಜಾನ್ ವಾರನ್ ಅವರನ್ನು ಚಿನ್ನದ ಸುದ್ದಿ ಬರೆದಿಟ್ಟ ಸೈನ್ಯಾಧಿಕಾರಿಯೆಂದು ನೆನೆಯುತ್ತಾರೆ. ಸರ್ವೆಯ ಚರಿತ್ರೆ ಬರೆದವರು ಅವರನ್ನು ಮದ್ರಾಸಿನ ರೇಖಾಂಶ ಕಟ್ಟಿದ ಖಗೋಳಜ್ಞರೆನ್ನುತ್ತಾರೆ. ಇಬ್ಬರೂ ಒಬ್ಬರೇ.

ಪ್ರಾಚೀನ ಲೆಕ್ಕ

ಅಕ್ಷಾಂಶದ ವೃತ್ತ ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ ಎಂಬ ತಿಳಿವಳಿಕೆ ಇಲ್ಲಿಗೆ ಯುರೋಪಿನಿಂದ ಬಂದದ್ದಲ್ಲ. ಸೂರ್ಯಸಿದ್ಧಾಂತವು ಭೂಮಿಯ ವ್ಯಾಸವನ್ನು 1600 ಯೋಜನವೆಂದು ಇಟ್ಟುಕೊಂಡು, ಅದರ ವರ್ಗವನ್ನು 10ರಿಂದ ಗುಣಿಸಿ ವರ್ಗಮೂಲ ತೆಗೆದು ಪರಿಧಿಯನ್ನು ಪಡೆಯುತ್ತದೆ. ಅದು ಸುಮಾರು 5059 ಯೋಜನ. ನಂತರ ಈ ಪರಿಧಿಯನ್ನು ಊರಿನ ಲಂಬಜ್ಯೆಯಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಬೇಕು ಎನ್ನುತ್ತದೆ. ಲಂಬಜ್ಯೆಯೆಂದರೆ ಅಕ್ಷಾಂಶವನ್ನು 90ರಿಂದ ಕಳೆದ ಕೋನದ ಜ್ಯಾ. ಹೀಗಾಗಿ ಲಂಬಜ್ಯೆಯನ್ನು ತ್ರಿಜ್ಯೆಯಿಂದ ಭಾಗಿಸಿದರೆ ಬರುವುದೇ ಇಂದಿನ ಕೊಸೈನ್. ಬರುವ ಉತ್ತರ ಸ್ಫುಟಪರಿಧಿ. ಕಾಮಸಮುದ್ರದ ಅಕ್ಷಾಂಶಕ್ಕೆ ಅದು ಸುಮಾರು 4932 ಯೋಜನ. ಉಜ್ಜಯಿನಿಯ ಮೂಲಕ ಹಾಯುವ ಮಧ್ಯರೇಖೆಯಿಂದ ಊರು ಎಷ್ಟು ಯೋಜನ ಪೂರ್ವಕ್ಕೋ ಪಶ್ಚಿಮಕ್ಕೋ ಇದೆ ಎಂಬುದನ್ನು ಈ ಪರಿಧಿಗೆ ಹೋಲಿಸಿ ಗ್ರಹಸ್ಥಿತಿಗೆ ದೇಶಾಂತರ ಸಂಸ್ಕಾರ ಕೊಡುತ್ತಿದ್ದರು. ತತ್ತ್ವ ಸರಿಯಾಗಿಯೇ ಇತ್ತು. ಯೋಜನಗಳನ್ನು ನೆಲದ ಮೇಲೆ ನಿಖರವಾಗಿ ಅಳೆಯುವ ವಿಧಾನ ಇರಲಿಲ್ಲ.

ಲ್ಯಾಂಬ್ಟನ್, ವಾರನ್ ಮತ್ತು ಬೂದಿಕೋಟೆಯ ಪೂರ್ವ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಪರ್ಯಾಯದ್ವೀಪದ ತ್ರಿಕೋನಮಿತಿ ಸರ್ವೆಯ ಯೋಜನೆಯನ್ನು ಮುಂದಿಟ್ಟರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 7.5 ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನವರೆಗೆ ಸಾಗಿದರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ತಾಳೆ ನೋಡಿದಾಗ, ತ್ರಿಕೋನಗಳಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದದ್ದಕ್ಕೂ ಕೆಲವೇ ಅಂಗುಲಗಳ ಅಂತರವಿತ್ತು. ಈ ಸರಣಿ ಸರಿಸುಮಾರು 13ನೇ ಅಕ್ಷಾಂಶದ ಗುಂಟ, ಎಂದರೆ ಕೋಲಾರ ಸೀಮೆಯ ನೇರದಲ್ಲಿ ಹಾದುಹೋಗುತ್ತದೆ.

ಅದರ ಫಲವನ್ನು ಇಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಮದ್ರಾಸಿನ ಕರಾವಳಿ 80.28° ಪೂರ್ವ, ಮಂಗಳೂರು 74.84°. ವ್ಯತ್ಯಾಸ 5.44°, 108.5ರಿಂದ ಗುಣಿಸಿದರೆ 590 ಕಿ.ಮೀ., ಎಂದರೆ 367 ಮೈಲಿ. ಅದುವರೆಗಿನ ನಕಾಶೆಗಳು ಈ ಅಗಲವನ್ನು 400 ಮೈಲಿಯೆಂದು ತೋರಿಸುತ್ತಿದ್ದವು. ಲ್ಯಾಂಬ್ಟನ್ನರ ಸರಣಿ ಅದನ್ನು ಸುಮಾರು 360ಕ್ಕೆ ಇಳಿಸಿತು.

ಡಿಗ್ರಿಯ ಉದ್ದದಲ್ಲಿ ಅವರ ಎರಡು ಫಲಿತಾಂಶಗಳು ಸಮಾನವಾಗಿ ನಿಖರವಲ್ಲ. 12°32′ ಅಕ್ಷಾಂಶದಲ್ಲಿ ಉತ್ತರ–ದಕ್ಷಿಣದ 1 ಡಿಗ್ರಿಗೆ ಅವರು ಕೊಟ್ಟ ಉದ್ದ 60,494 ಫ್ಯಾದಮ್, ಎಂದರೆ 110.63 ಕಿ.ಮೀ. ಇಂದಿನ ಬೆಲೆಯೂ ಅದೇ. ಅದಕ್ಕೆ ಲಂಬವಾದ, ಪೂರ್ವ–ಪಶ್ಚಿಮದ ಡಿಗ್ರಿಗೆ ಅವರ ಲೆಕ್ಕ 61,061 ಫ್ಯಾದಮ್. ಇದನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಿದರೆ ರೇಖಾಂಶದ ಡಿಗ್ರಿ ಸುಮಾರು 109.0 ಕಿ.ಮೀ. ಬರುತ್ತದೆ; ನಿಜವಾದದ್ದು 108.7. ಅದೇ ಉಪಕರಣ, ಅದೇ ಕೈ, ಆದರೂ 300 ಮೀಟರಿಗಿಂತ ಹೆಚ್ಚು ತಪ್ಪು.

ಕಾರಣ ಅಳೆಯುವ ವಿಧಾನದಲ್ಲಿದೆ. ಅಕ್ಷಾಂಶ ನಕ್ಷತ್ರದ ಎತ್ತರದಿಂದ ನೇರವಾಗಿ ಸಿಗುತ್ತದೆ. ರೇಖಾಂಶದ ವ್ಯತ್ಯಾಸಕ್ಕಾಗಿ, ಪೂರ್ವ–ಪಶ್ಚಿಮದ ಒಂದು ಉದ್ದ ಗೆರೆಯ ಎರಡೂ ತುದಿಗಳಲ್ಲಿ ಧ್ರುವನಕ್ಷತ್ರದಿಂದ ಉತ್ತರ ದಿಕ್ಕನ್ನು ಗುರುತಿಸಿ, ಆ ಎರಡು ಉತ್ತರಗಳು ಒಂದರ ಕಡೆಗೊಂದು ಎಷ್ಟು ಬಾಗಿವೆ ಎಂದು ನೋಡಬೇಕಿತ್ತು. ಈ ಬಾಗು ರೇಖಾಂಶದ ವ್ಯತ್ಯಾಸವನ್ನು ಅಕ್ಷಾಂಶದ ಸೈನಿನಿಂದ ಗುಣಿಸಿದಷ್ಟು. 13 ಡಿಗ್ರಿಯ ಸೈನ್ 0.225 ಮಾತ್ರ. ಹೀಗಾಗಿ ದಿಕ್ಕಿನಲ್ಲಿ 1 ಸೆಕೆಂಡಿನ ತಪ್ಪಾದರೆ ರೇಖಾಂಶದಲ್ಲಿ ಅದು 4.4 ಸೆಕೆಂಡಾಗಿ, ನೆಲದ ಮೇಲೆ ಸುಮಾರು 130 ಮೀಟರಾಗಿ ಬೆಳೆಯುತ್ತದೆ. ಇಂಗ್ಲೆಂಡಿನಂಥ ಉತ್ತರದ ದೇಶದಲ್ಲಿ ಚೆನ್ನಾಗಿ ನಡೆಯುವ ವಿಧಾನ ಮೈಸೂರು ಸೀಮೆಯಲ್ಲಿ ದುರ್ಬಲ.

ಇದೇ ವರ್ಷಗಳಲ್ಲಿ, 1802ರಲ್ಲಿ, ಮೈಸೂರು ರಾಜ್ಯದ ಪೂರ್ವ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ವಾರನ್, ಬೂದಿಕೋಟೆಯಿಂದ ಪೂರ್ವಕ್ಕೆ 9 ಮೈಲಿಯಲ್ಲಿರುವ ಸಣ್ಣ ಗುಡ್ಡದ ಬಳಿ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಮಾತನ್ನು ಕೇಳಿದರು. ಊರಿಗಾಂ, ಮಾರಿಕುಪ್ಪಂ ಸುತ್ತಲಿನ ಆ ಜಾಗವೇ ಮುಂದೆ ಕೆ.ಜಿ.ಎಫ್. ಆಯಿತು. ಆ 9 ಮೈಲಿ 14.5 ಕಿ.ಮೀ.; 108.5ರಿಂದ ಭಾಗಿಸಿದರೆ 0.134°, ಅದನ್ನು 60ರಿಂದ ಗುಣಿಸಿದರೆ 8 ನಿಮಿಷ. ಅದೇ 9 ಮೈಲಿ 34ನೇ ಅಕ್ಷಾಂಶದ ಕಾಶ್ಮೀರದಲ್ಲಾದರೆ 9.4 ನಿಮಿಷವಾಗುತ್ತಿತ್ತು, ಏಕೆಂದರೆ ಅಲ್ಲಿ ಡಿಗ್ರಿಯ ಉದ್ದ 92.4 ಕಿ.ಮೀ.

ಎರಡೂವರೆ ನಿಮಿಷದ ತಪ್ಪು

ವಾರನ್ 1805ರಿಂದ ಕೆಲವು ವರ್ಷ ಮದ್ರಾಸ್ ವೀಕ್ಷಣಾಲಯವನ್ನು ನೋಡಿಕೊಂಡರು. ಗ್ರೀನಿಚ್‌ನಿಂದ ಮದ್ರಾಸಿನ ರೇಖಾಂಶಕ್ಕೆ ಅವರು ಕೊಟ್ಟ ಬೆಲೆ 80°17′21″. 1815ರಿಂದ ಸರ್ವೆ ನಕಾಶೆಗಳಿಗೆ ಅದೇ ಆಧಾರವಾಯಿತು. ಆ ಕಾಲದಲ್ಲಿ ರೇಖಾಂಶವೆಂದರೆ ಎರಡು ಊರುಗಳ ವೇಳೆಯ ವ್ಯತ್ಯಾಸ. ಗುರುಗ್ರಹದ ಉಪಗ್ರಹಗಳ ಗ್ರಹಣದಂಥ, ಎರಡೂ ಕಡೆ ಕಾಣುವ ಘಟನೆಯಿಂದ ಅದನ್ನು ಪಡೆಯಬೇಕಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ವೇಳೆಯ 1 ಸೆಕೆಂಡಿಗೆ 15 ಕೋನ ಸೆಕೆಂಡು, 13ನೇ ಅಕ್ಷಾಂಶದಲ್ಲಿ ಸುಮಾರು 450 ಮೀಟರು. ಗ್ರಹಣದ ಕ್ಷಣ ಮಸುಕಾಗಿ ಕಾಣುವಂಥದ್ದು. ಸೆಕೆಂಡುಗಳು ಜಾರುವುದು ಸಹಜ.

ತಂತಿ ಸಂಪರ್ಕ ಬಂದ ಮೇಲೆ ವೇಳೆಯನ್ನು ನೇರವಾಗಿ ಹೋಲಿಸಲು ಸಾಧ್ಯವಾಯಿತು. 1894–96ರಲ್ಲಿ ಬರ್ರಾರ್ಡ್ ಮತ್ತು ಲೆನಾಕ್ಸ್-ಕಾನಿಂಗ್‌ಹ್ಯಾಮ್ ಕರಾಚಿಯನ್ನು ಗ್ರೀನಿಚ್‌ಗೆ ಜೋಡಿಸಿದಾಗ ಮದ್ರಾಸಿನ ರೇಖಾಂಶ ಸುಮಾರು 80°14′47″ ಎಂದು ತಿಳಿಯಿತು. ವಾರನ್ನರ ಬೆಲೆ ವೇಳೆಯಲ್ಲಿ ಸುಮಾರು 10 ಸೆಕೆಂಡು ಹೆಚ್ಚಾಗಿತ್ತು. ಸರ್ವೆಯ ಮೂಲಸ್ಥಾನವಾದ ಕಲ್ಯಾಣಪುರದ ರೇಖಾಂಶವನ್ನು 77°41′44.75″ರಿಂದ 77°39′17.57″ಗೆ ತಿದ್ದಲಾಯಿತು: ಇಡೀ ದೇಶಕ್ಕೆ 2′27.18″ ಕಡಿತ.

ಕೋಲಾರ ಸೀಮೆಯ ಸ್ಥಳನಿರ್ದೇಶಗಳಲ್ಲಿ ಕಾಣುವ ಗೊಂದಲಕ್ಕೆ ಇದೊಂದು ಮೂಲ. ತಿದ್ದುಪಡಿಗೆ ಮುಂಚಿನ ನಕಾಶೆಯ ರೇಖಾಂಶವನ್ನು ಇಂದಿನ ನಕಾಶೆಯಲ್ಲಿ ಗುರುತಿಸಿದರೆ ಊರು 4.4 ಕಿ.ಮೀ. ಪೂರ್ವಕ್ಕೆ ಬೀಳುತ್ತದೆ. ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ಪೂರ್ವ–ಪಶ್ಚಿಮದ ಅಂತರ 10 ಕಿ.ಮೀ.ಗಿಂತ ಸ್ವಲ್ಪ ಕಡಿಮೆ ಇರುವಾಗ ಇದು ಅಲಕ್ಷಿಸುವಷ್ಟು ಚಿಕ್ಕದಲ್ಲ. ಕಾಶ್ಮೀರದಲ್ಲಿ ಇದೇ 2′27″ ಸರಿಯುವುದು 3.8 ಕಿ.ಮೀ. ಮಾತ್ರ, ಆದ್ದರಿಂದ ಹಳೆಯ ನಕಾಶೆಯನ್ನು ಇಷ್ಟು ಕಿಲೋಮೀಟರು ಎಂದು ಸರಿಸುವ ಬದಲು ಕೋನದಲ್ಲೇ ತಿದ್ದಿ ಆಮೇಲೆ ಕಿಲೋಮೀಟರಿಗೆ ತಿರುಗಿಸಬೇಕು. ತಪ್ಪನ್ನು ಗುರುತಿಸುವ ಬಗೆಯೂ ಸ್ಪಷ್ಟ. ಒಂದೇ ಮೂಲದ ಎಲ್ಲ ಊರುಗಳೂ ಪೂರ್ವಕ್ಕೆ ಸುಮಾರು ಎರಡೂವರೆ ನಿಮಿಷ ಸರಿದು, ಅಕ್ಷಾಂಶ ಸರಿಯಾಗಿಯೇ ಇದ್ದರೆ ಅದು ಹಳೆಯ ಮದ್ರಾಸ್ ರೇಖಾಂಶ. ಒಂದೇ ಊರು ತಪ್ಪಿದ್ದರೆ ಅದು ಬರಹದ ತಪ್ಪು.

ಬರಹದ ತಪ್ಪುಗಳಲ್ಲಿ ಹೆಚ್ಚಾಗಿ ಕಾಣುವುದು ನಿಮಿಷವನ್ನು ದಶಮಾಂಶವೆಂದು ಓದುವುದು. 78°16′ ಎಂದರೆ 78.27°. ಅದನ್ನು 78.16 ಎಂದು ಬರೆದರೆ ಕೆ.ಜಿ.ಎಫ್. ಬಂಗಾರಪೇಟೆಯನ್ನೂ ದಾಟಿ ಸುಮಾರು 11.6 ಕಿ.ಮೀ. ಪಶ್ಚಿಮಕ್ಕೆ ಹೋಗುತ್ತದೆ.

ಇಂದಿನ ಲೆಕ್ಕ

ಒಂದು ಜಿಲ್ಲೆಯೊಳಗಿನ ದೂರಕ್ಕೆ ಕೆಳಗಿನ ಸೂತ್ರ ಸಾಕು. ಇಲ್ಲಿ φ ಎರಡು ಊರುಗಳ ಅಕ್ಷಾಂಶದ ಸರಾಸರಿ.

```
y = Δφ × 110.63
x = Δλ × 111.4 × cos(φ)
d = √(x² + y²)
```

110.63 ದಕ್ಷಿಣ ಕರ್ನಾಟಕಕ್ಕೆ ಸಲ್ಲುವ ಬೆಲೆ. ಕೋಲಾರ ಪಟ್ಟಣವನ್ನು 13.14°, 78.13° ಎಂದೂ ಕೆ.ಜಿ.ಎಫ್. ಅನ್ನು 12.96°, 78.27° ಎಂದೂ ಇಟ್ಟುಕೊಳ್ಳೋಣ. ಅಕ್ಷಾಂಶದ ವ್ಯತ್ಯಾಸ 0.18°, ದೂರ 19.9 ಕಿ.ಮೀ. ರೇಖಾಂಶದ ವ್ಯತ್ಯಾಸ 0.14°, ಸರಾಸರಿ ಅಕ್ಷಾಂಶ 13.05°, ಡಿಗ್ರಿಗೆ 108.5 ಕಿ.ಮೀ.; ದೂರ 15.2 ಕಿ.ಮೀ. ನೇರ ದೂರ 25.0 ಕಿ.ಮೀ. ರಸ್ತೆಯ ದೂರ ಸಹಜವಾಗಿಯೇ ಇದಕ್ಕಿಂತ ಹೆಚ್ಚು.

ಕೊಸೈನ್ ಮರೆತರೂ ಇಲ್ಲಿ ಉತ್ತರ 25.3 ಬರುತ್ತದೆ, ಸಮಭಾಜಕಕ್ಕೆ ಹತ್ತಿರವಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಿಂತ ಮೋಸದ್ದು ಕ್ಯಾಲ್ಕುಲೇಟರು ರೇಡಿಯನ್ನಿನಲ್ಲಿ ಉಳಿದಿರುವುದು. 13.05 ರೇಡಿಯನ್ನಿನ ಕೊಸೈನ್ 0.885. ಡಿಗ್ರಿಗೆ 98.6 ಕಿ.ಮೀ. ಬಂದು ಒಟ್ಟು ದೂರ 24.2 ಆಗುತ್ತದೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. 13 ಎಂಬ ಸಂಖ್ಯೆ π ಯ ನಾಲ್ಕರಷ್ಟಕ್ಕೆ ಹತ್ತಿರವಿರುವುದೇ ಇದಕ್ಕೆ ಕಾರಣ. ಲೆಕ್ಕಕ್ಕೆ ಮೊದಲು `cos(60)` ಒತ್ತಿ ನೋಡಬೇಕು: 0.5 ಬಂದರೆ ಯಂತ್ರ ಡಿಗ್ರಿಯಲ್ಲಿದೆ, ಋಣ ಸಂಖ್ಯೆ ಬಂದರೆ ರೇಡಿಯನ್ನಿನಲ್ಲಿದೆ.

ನೂರಾರು ಕಿಲೋಮೀಟರುಗಳ ದೂರಕ್ಕೆ ಈ ಸಮತಲ ಸೂತ್ರ ಸಾಲದು. ಗೋಳದ ಇಲ್ಲವೇ ದೀರ್ಘಗೋಳದ ಸೂತ್ರ ಬೇಕು. ಕರ್ನಾಟಕದ ಒಳಗೇ ರೇಖಾಂಶದ ಡಿಗ್ರಿ ದಕ್ಷಿಣದ ತುದಿಯಲ್ಲಿ ಸುಮಾರು 109.1 ಕಿ.ಮೀ., ಬೀದರಿನ ಉತ್ತರದ ಗಡಿಯಲ್ಲಿ ಸುಮಾರು 105.6 ಕಿ.ಮೀ. ಇದೆ.