ಕಾಲುವೆ ಹತ್ತದ ಊರು: ಒಂದು ಆಟಕ್ಕೆ ಮಂಡ್ಯದ ಲೆಕ್ಕ

ಸ್ಟ್ರಾಟೆಜಿ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಒಂದು ಲೆಕ್ಕ ಇರುತ್ತೆ. ಸಂಪನ್ಮೂಲ ಇರೋ ಚೌಕ ಸಿಕ್ಕವನು ಗೆಲ್ತಾನೆ, ಒಣ ಚೌಕ ಸಿಕ್ಕವನು ಸೋಲ್ತಾನೆ. ಬಿಡುವಿನಲ್ಲಿ ನಾನು ಒಂದು ಆಟಕ್ಕೆ ಕಾಲ್ಪನಿಕ ವ್ಯಾಪಾರದ ನಾಡು ಕಟ್ಟುತ್ತಿದ್ದೇನೆ. ಅದಕ್ಕೆ ಆರಿಸಿಕೊಂಡ ಮಾದರಿ ಮಂಡ್ಯ. ಅಲ್ಲಿನ ಇತಿಹಾಸ ಈ ಲೆಕ್ಕವನ್ನು ಒಪ್ಪೋದಿಲ್ಲ ನೋಡಿ!

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. 1930ರ ದಶಕದಲ್ಲಿ ಇರ್ವಿನ್ ಕಾಲುವೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ನೀರು ತಂದಿತು. ಆದರೆ ಎಲ್ಲರೂ ಕಬ್ಬು ಹಾಕುವಷ್ಟು ನೀರು ಇರಲಿಲ್ಲ. ಅದಕ್ಕೇ ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ: ಒಂದು ಭಾಗಕ್ಕೆ ಕಬ್ಬು, ಒಂದಕ್ಕೆ ಭತ್ತ, ಇನ್ನೊಂದಕ್ಕೆ ಕಡಿಮೆ ನೀರಿನ ಬೆಳೆ, ವರ್ಷ ಬದಲಾದಂತೆ ಜಾಗವೂ ಬದಲು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಡಿದ ಕಬ್ಬನ್ನು ತಡಮಾಡಿ ಅರೆದರೆ ಸಕ್ಕರೆ ಅಂಶ ಇಳಿಯುತ್ತೆ, ಹಾಗಾಗಿ ಕೂಡಿಟ್ಟು ಬೆಲೆ ಏರಲಿ ಅಂತ ಕಾಯೋ ಹಾಗಿಲ್ಲ. ಕಾರ್ಖಾನೆಗೆ ಒಪ್ಪಂದ, ಇಲ್ಲವೇ ಆಲೆಮನೆ.

ಇನ್ನೊಂದು ಮಾತು. ಕಾಲುವೆ ನೀರು ಇಳಿಜಾರಿಗೆ ಮಾತ್ರ ಹರಿಯುತ್ತೆ. ಎತ್ತರದಲ್ಲಿದ್ದ ಊರಿಗೆ ಪಕ್ಕದಲ್ಲೇ ಕಾಲುವೆ ಇದ್ದರೂ ನೀರಿಲ್ಲ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯದ ಹತ್ತಿರ ಇಂಥ ಎರಡು ಊರುಗಳನ್ನು ಅಧ್ಯಯನ ಮಾಡಲು ಬಂದರು. 1962ರ ಅವರ ಪುಸ್ತಕದಲ್ಲಿ ನೀರು ಸಿಕ್ಕ ಊರಿನ ಹೆಸರು ವಂಗಲ, ಒಣ ಊರಿನದು ದಲೇನ. ವಂಗಲದವರು ರಾಗಿಯಿಂದ ಕಬ್ಬಿಗೆ ಬಂದರು, ಕೈತುಂಬ ದುಡ್ಡು ಕಂಡರು, ಆದರೆ ಬೇಸಾಯಗಾರರಾಗಿಯೇ ಉಳಿದರು. ಒಡೆಯ ಮತ್ತು ಆಳಿನ ಹಳೇ ವಂಶಪಾರಂಪರ್ಯ ಸಂಬಂಧವೂ ಹಾಗೇ ನಡೀತು. ದಲೇನದವರು ಗಾಡಿ ಹೂಡಿದರು, ಹಿಟ್ಟಿನ ಗಿರಣಿ ಹಾಕಿದರು, ಮಂಡ್ಯದಲ್ಲಿ ಕೆಲಸ ಹಿಡಿದರು, ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಅಲ್ಲಿ ಆ ಹಳೇ ಸಂಬಂಧಗಳು ಮುರಿದುಬಿದ್ದವು.

ಇದನ್ನು ಆಟದ ನಿಯಮ ಮಾಡಿದರೆ ಹೀಗೆ. ನೀರಿನ ಚೌಕದಲ್ಲಿ ಮೂರು ಸರದಿಗೆ ಒಮ್ಮೆ ಮಾತ್ರ ಕಬ್ಬು. ಕಡಿದ ಕಬ್ಬು ಮುಂದಿನ ಸರದಿಗೆ ಉಳಿಯೋದಿಲ್ಲ. ಒಪ್ಪಂದ ಇದ್ದರೆ ಆದಾಯ ಖಾತ್ರಿ, ಆದರೆ ಆಟಗಾರನ ಆಳೆಲ್ಲ ಗದ್ದೆಗೇ ಮೀಸಲು. ಒಣ ಚೌಕದವನ ಆಳು ಖಾಲಿ, ಅವನು ಕಬ್ಬು ಸಾಗಿಸಿ ಬಾಡಿಗೆ ವಸೂಲಿ ಮಾಡಬಹುದು. ಕಬ್ಬು ಕೆಡುವ ಭಯ ನೀರಿನವನಿಗೆ ಇರೋದರಿಂದ ಚೌಕಾಸಿಯಲ್ಲಿ ಗಾಡಿಯವನ ಕೈ ಮೇಲು.

ಆದರೆ ಒಂದು ಮಿತಿ ಮರೀಬಾರದು. ದಲೇನ ಬೆಳೆದದ್ದು ಬರದಿಂದಲ್ಲ, ಪಕ್ಕದಲ್ಲೇ ಕಬ್ಬಿನ ಊರುಗಳೂ ಕಾರ್ಖಾನೆಯ ಪೇಟೆಯೂ ಇದ್ದದ್ದರಿಂದ. ಹತ್ತಿರದಲ್ಲಿ ಅವು ಇಲ್ಲದ ಒಣ ಚೌಕಕ್ಕೆ ಆಟದಲ್ಲಿ ಈ ಅನುಕೂಲ ಕೊಟ್ಟರೆ ಅದು ಸುಳ್ಳು ಇತಿಹಾಸ. ಹಾಗಾಗಿ ನನ್ನ ನಕ್ಷೆಯಲ್ಲಿ ಒಣ ಚೌಕದ ಬೆಲೆ ಅದರ ಮಣ್ಣಿನಿಂದ ಬರೋದಿಲ್ಲ, ನೆರೆಯಿಂದ ಬರುತ್ತೆ.