ಸಹಿ ಮಾಡುವವರು ಯಾರು? ಕೊಚ್ಚಿ, ತಿರುವನಂತಪುರದ ಆ್ಯಪ್ ಕೆಲಸಗಾರರ ಅನುಭವ ಮತ್ತು ಕಾಯಂ ಉದ್ಯೋಗ

ಕೊಚ್ಚಿಯ ಕಾಕ್ಕನಾಡಿನ ಸುತ್ತಮುತ್ತ ಆರು ವರ್ಷ ಆ್ಯಪ್ ಟ್ಯಾಕ್ಸಿ ಓಡಿಸಿದ ಚಾಲಕನೊಬ್ಬ ಕಾಯಂ ಕೆಲಸಕ್ಕೆ ಅರ್ಜಿ ಹಾಕಲು ಕುಳಿತನೆನ್ನಿ. ಆ ಆರು ವರ್ಷಗಳಿಗೆ ಅವನು ಯಾವ ದಾಖಲೆ ಲಗತ್ತಿಸಬೇಕು? ನೇಮಕಾತಿ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ, ಬಿಡುಗಡೆ ಪತ್ರವಂತೂ ಇಲ್ಲವೇ ಇಲ್ಲ. ಫೋನಿನಲ್ಲಿ ಒಂದು ರೇಟಿಂಗ್ ಇದೆ. ಖಾತೆ ಮುಚ್ಚಿದ ದಿನ ಅದೂ ಕಾಣದಾಗುತ್ತದೆ. ಇಂಥ ಕೆಲಸಗಾರರು ಗಳಿಸಿದ ಕೌಶಲಕ್ಕೆ ಬೆಲೆ ಸಿಗುವ ಕೆಲಸಗಳು ಈ ಎರಡು ನಗರಗಳಲ್ಲಿ ಇವೆ. ಅಲ್ಲಿಗೆ ಹೋಗುವ ದಾರಿ ಮುಚ್ಚಿಕೊಳ್ಳುವುದು ಬಹುಪಾಲು ಕೌಶಲದ ಕೊರತೆಯಿಂದಲ್ಲ, ಆ ಕೌಶಲಕ್ಕೆ ಸಹಿ ಹಾಕುವವರು ಇಲ್ಲದ್ದರಿಂದ ಎಂಬುದು ಈ ಲೇಖನದ ವಾದ.

ಇದರ ಬೇರು ಕಾನೂನಿನಲ್ಲಿಯೇ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರನನ್ನು ಗುರುತಿಸುವುದೇ ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವನು ಎಂದು. ಕಂಪನಿಗಳ ಪರಿಭಾಷೆಯಲ್ಲಿ ಅವನು 'ಪಾರ್ಟ್ನರ್'. ಪಾರ್ಟ್ನರಿಗೆ ಅನುಭವ ಪತ್ರ ಕೊಡುವ ಹೊಣೆ ಯಾರ ಮೇಲೂ ಇಲ್ಲ. ಐರೋಪ್ಯ ಒಕ್ಕೂಟದ ದತ್ತಾಂಶ ನಿಯಮದಲ್ಲಿ ವ್ಯಕ್ತಿಯೊಬ್ಬ ತನ್ನ ಮಾಹಿತಿಯನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಯನ್ನು ಕೇಳಿ ತಿಳಿಯುವ ಹಕ್ಕು ಇದೆಯೇ ಹೊರತು ಒಯ್ಯುವ ಹಕ್ಕು ಇಲ್ಲ. ಹೀಗಾಗಿ ಸಾವಿರಾರು ಸವಾರಿಗಳ ದಾಖಲೆ ಚಾಲಕನ ಬದುಕಿನದಾದರೂ ಆಸ್ತಿ ಕಂಪನಿಯದು.

ಹಾಗಾದರೆ ಹೊರಗಿನವರು ನಂಬುವ ಯಾವ ದಾಖಲೆ ಅವನ ಕೈಯಲ್ಲಿದೆ? ನನ್ನ ಮಟ್ಟಿಗೆ ಉತ್ತರ ಒಂದೇ, ಡ್ರೈವಿಂಗ್ ಲೈಸೆನ್ಸ್. ಅದನ್ನು ಕೊಟ್ಟದ್ದು ಸರ್ಕಾರ, ಅದರ ಮೇಲೆ ತಾರೀಕು ಇದೆ, ವಾಹನದ ವರ್ಗ ಇದೆ.

ಕೇರಳ ಲೋಕಸೇವಾ ಆಯೋಗ, ಅಂದರೆ ಅಲ್ಲಿಯವರ ಬಾಯಲ್ಲಿ ಪಿಎಸ್‌ಸಿ, ಬೇರೆ ಬೇರೆ ಇಲಾಖೆಗಳಿಗೆ ಜಿಲ್ಲಾವಾರು ಚಾಲಕರನ್ನು ಆರಿಸುತ್ತದೆ. ಎರಡನೇ ದರ್ಜೆಯ ಲಘು ವಾಹನ ಚಾಲಕ, ಚಾಲಕ ಮತ್ತು ಕಚೇರಿ ಸಹಾಯಕ ಎಂಬ ಹೆಸರಿನ ಈ ಹುದ್ದೆಗಳಿಗೆ ಓದು ಏಳನೇ ತರಗತಿ ಸಾಕು. ಜೊತೆಗೆ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಮೂರು ವರ್ಷ ಆಗಿರಬೇಕು. ಲಿಖಿತ ಪರೀಕ್ಷೆ ಆದ ಮೇಲೆ ವಾಹನ ಓಡಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಇಲ್ಲಿ ಎಣಿಕೆಗೆ ಬರುವುದು ಲೈಸೆನ್ಸಿನ ವಯಸ್ಸು. ಸವಾರಿಗಳ ಸಂಖ್ಯೆ, ರೇಟಿಂಗ್ ಯಾವುದೂ ಅಲ್ಲ. ಮನೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸಿಟ್ಟವನಿಗೂ, ಎರ್ನಾಕುಲಂ ಸೌತ್ ರೈಲು ನಿಲ್ದಾಣದ ಎದುರು ದಿನವೂ ಗಾಡಿ ತಿರುಗಿಸಿದವನಿಗೂ ಅರ್ಜಿಯಲ್ಲಿ ಸಿಗುವುದು ಒಂದೇ ಮೂರು ವರ್ಷ. ಇದು ಅನ್ಯಾಯದಂತೆ ಕಂಡರೂ ಆ್ಯಪ್ ಚಾಲಕನಿಗೆ ಇದೇ ಅನುಕೂಲ, ಏಕೆಂದರೆ ಅನುಭವ ಪತ್ರ ಕೇಳದ ಹುದ್ದೆ ಇದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವನ ಕೈ ಮೇಲು. ಅವನು ಎಡವುವುದು ಅದಕ್ಕೂ ಮೊದಲು, ನೂರು ಅಂಕದ ಒಎಂಆರ್ ಪರೀಕ್ಷೆಯಲ್ಲಿ. ತಪ್ಪು ಉತ್ತರಕ್ಕೆ ಅಲ್ಲಿ ಅಂಕ ಕಳೆಯುತ್ತಾರೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ನೋಡೋಣ. ಚಾಲಕನಿಗೆ 34 ವರ್ಷ, ಲೈಸೆನ್ಸಿಗೆ ಒಂಬತ್ತು ವರ್ಷ, ಕಾರಿನ ಸಾಲಕ್ಕೆ ಇನ್ನೂ ಎರಡು ವರ್ಷದ ಕಂತು. ಸಾಮಾನ್ಯ ವರ್ಗಕ್ಕೆ ವಯೋಮಿತಿ 39; ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ಐದು ವರ್ಷ ಕೈಯಲ್ಲಿದೆ ಎಂದು ಅವನು ನಿಶ್ಚಿಂತನಾಗಬಹುದು. ಆದರೆ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಒಂದು ರ‍್ಯಾಂಕ್ ಪಟ್ಟಿ ಪ್ರಕಟವಾದರೆ ಅದು ಸಾಮಾನ್ಯವಾಗಿ ಮೂರು ವರ್ಷದವರೆಗೆ ಜೀವಂತ. ಹಾಗಾಗಿ ಅವನಿಗೆ ಸಿಗುವುದು ಒಂದೋ ಎರಡೋ ಅವಕಾಶ. ದೈಹಿಕ ಅರ್ಹತೆಯ ಷರತ್ತೂ ಇದೆ: ದೂರದ ದೃಷ್ಟಿ 6/6, ಬಣ್ಣ ಗುರುತಿಸುವಿಕೆ ಸರಿಯಾಗಿರಬೇಕು, ಇರುಳುಗುರುಡು ಇರಬಾರದು. ರಾತ್ರಿಯ ಹೆಚ್ಚಿನ ದರಕ್ಕಾಗಿ ವರ್ಷಗಟ್ಟಲೆ ಇರುಳು ಓಡಿಸಿದವರು ಪರೀಕ್ಷೆಗೆ ಓದುವ ಮೊದಲೇ ಕಣ್ಣಿನ ವೈದ್ಯರ ಹತ್ತಿರ ಹೋಗಿಬರುವುದು ಲೇಸು.

ಇನ್ನೊಂದು ಗೋಜಲು 'ಬ್ಯಾಡ್ಜ್'ನದು. ಲಘು ವಾಹನದ ಲೈಸೆನ್ಸ್ ಇದ್ದರೆ 7,500 ಕಿಲೋ ಮೀರದ ಸಾರಿಗೆ ವಾಹನ ಓಡಿಸಲು ಪ್ರತ್ಯೇಕ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಬ್ಯಾಡ್ಜ್ ಮಾಡಿಸದೆಯೇ ಟ್ಯಾಕ್ಸಿ ವೃತ್ತಿಗೆ ಇಳಿದವರು ಇದ್ದಾರೆ. ಪಿಎಸ್‌ಸಿಯ ಚಾಲಕ ಹುದ್ದೆಗಳ ಅಧಿಸೂಚನೆಯಲ್ಲಿ ಬ್ಯಾಡ್ಜ್ ಕೇಳುವ ರೂಢಿ ಹಳೆಯದು. ರಸ್ತೆಗೆ ಬೇಡವಾದದ್ದು ಅರ್ಜಿಗೆ ಬೇಕಾಗಬಹುದು. ಅಧಿಸೂಚನೆಯ ಅರ್ಹತೆಯ ಕಲಮನ್ನು ಅಕ್ಷರಶಃ ಓದದೆ ಅರ್ಜಿ ಹಾಕಬಾರದು. ಕಾಸರಗೋಡಿನಿಂದ ಕೊಚ್ಚಿಗೆ ಬಂದ ಕನ್ನಡಿಗರಿಗೆ ಒಂದು ಮಾತು: ಭಾಷಾ ಅಲ್ಪಸಂಖ್ಯಾತರಿಗೆ ಪಿಎಸ್‌ಸಿ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡುತ್ತದೆ, ಅದನ್ನು ಅರ್ಜಿಯಲ್ಲಿಯೇ ಕೇಳಿಕೊಳ್ಳಬೇಕು.

ಲೈಸೆನ್ಸೇ ಬಂಡವಾಳವಾದರೆ ಅದನ್ನು ಬೆಳೆಸುವುದೂ ಒಂದು ದಾರಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಲಘು ವಾಹನದ ಲೈಸೆನ್ಸಿಗೆ ಒಂದು ವರ್ಷ ತುಂಬಿದವರು ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಭಾರಿ ವಾಹನದ ಲೈಸೆನ್ಸ್ ಬಂದ ಮೇಲೆ ಅಪಾಯಕಾರಿ ಸರಕು ಸಾಗಿಸುವವರಿಗೆ ಕೇಂದ್ರ ನಿಯಮಗಳು ಹೇಳುವ ಮೂರು ದಿನದ ತರಬೇತಿ ಇದೆ. ಅಂಬಲಮುಗಳಿನ ಬಿಪಿಸಿಎಲ್ ಕೊಚ್ಚಿ ರಿಫೈನರಿಯ ಟ್ಯಾಂಕರುಗಳು, ವಲ್ಲಾರ್ಪಾಡಂನ ಕಂಟೇನರ್ ಟ್ರೇಲರುಗಳು, 2025ರ ಮೇ 2ರಂದು ವಿಧ್ಯುಕ್ತವಾಗಿ ಆರಂಭವಾದ ತಿರುವನಂತಪುರದ ವಿಳಿಞ್ಞಂ ಬಂದರು, ಇವೆಲ್ಲ ಭಾರಿ ವಾಹನದ ಕೈಗಳನ್ನು ಕೇಳುವ ಜಾಗಗಳು. ಇಲ್ಲಿ ಆ್ಯಪ್ ವರ್ಷಗಳ ಉಪಯೋಗ ಪರೋಕ್ಷವಾದದ್ದು: ತನಗೆ ಬೇಕಾದ ಹೊತ್ತಿಗೆ ಲಾಗಿನ್ ಆಗಬಹುದಾದ್ದರಿಂದ ತರಬೇತಿಯ ದಿನಗಳಲ್ಲೂ ಸ್ವಲ್ಪ ಸಂಪಾದನೆ ನಿಲ್ಲುವುದಿಲ್ಲ. ಆದರೆ ಕಾರಿನ ಕಂತು ಇರುವವನಿಗೆ ಈ ಸ್ವಾತಂತ್ರ್ಯ ಹೆಸರಿಗಷ್ಟೇ. ಕಂತು ತೀರುವ ಮೊದಲು ಹೊರಬರುವುದೂ ಕಷ್ಟ, ತೀರಿದ ಮೇಲೆ ವಯಸ್ಸು ಮೀರುವ ಭಯವೂ ಇದೆ.

ಬೈಕಿನಲ್ಲಿ ಊಟ, ಪಾರ್ಸೆಲ್ ತಲುಪಿಸುವವರ ಕಥೆ ಬೇರೆ. ದ್ವಿಚಕ್ರ ಲೈಸೆನ್ಸಿಗೆ ಏರುವ ಮೆಟ್ಟಿಲು ಇಲ್ಲ. ಅವರ ನಿಜವಾದ ಕೌಶಲ ವಿಳಾಸ ಬಿಡಿಸುವುದು. ಕೇರಳದಲ್ಲಿ ಮನೆಗೆ ಹೆಸರು ಮುಖ್ಯ, ಸಂಖ್ಯೆ ಆಮೇಲೆ. ತಿರುವನಂತಪುರದಲ್ಲಿ ನಗರಪಾಲಿಕೆ ಕೊಟ್ಟ 'ಟಿಸಿ' ಸಂಖ್ಯೆ ಒಂದು, ನಿವಾಸಿಗಳ ಸಂಘ ಕೊಟ್ಟ ಸಂಖ್ಯೆ ಇನ್ನೊಂದು. ಒಂದೇ ಗೇಟಿನ ಮೇಲೆ ಎರಡೂ ಇರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಯಾವ ಸಂಘದ ಗಡಿ ಯಾವ ಓಣಿಯಲ್ಲಿ ಮುಗಿಯುತ್ತದೆ, ಮಳೆಗಾಲದಲ್ಲಿ ಕೊಚ್ಚಿಯ ಯಾವ ಅಡ್ಡದಾರಿಯಲ್ಲಿ ನೀರು ನಿಲ್ಲುತ್ತದೆ ಎಂಬುದು ರೈಡರ್‌ನ ತಲೆಯಲ್ಲಿರುತ್ತದೆ.

ಈ ತಿಳಿವಳಿಕೆಗೆ ತೀರ ಹತ್ತಿರದ ಸರ್ಕಾರಿ ಕೆಲಸ ಅಂಚೆಯದು. ಆದರೆ ಗ್ರಾಮೀಣ ಡಾಕ್ ಸೇವಕರ ಆಯ್ಕೆ ನಡೆಯುವುದು ಹತ್ತನೇ ತರಗತಿಯ ಅಂಕದ ಮೇಲೆ, ಅದೂ ದಶಮಾಂಶದ ನಾಲ್ಕು ಸ್ಥಾನದವರೆಗೆ ಎಣಿಸಿ. ಹತ್ತು ವರ್ಷ ಮನೆಮನೆ ಅಲೆದವನಿಗೆ ಒಂದು ಅಂಕವೂ ಹೆಚ್ಚಿಲ್ಲ. ವಿಳಾಸ ಬಲ್ಲವನನ್ನು ಬಿಟ್ಟು ಗಣಿತದಲ್ಲಿ ಜಾಣನಾಗಿದ್ದ ಹುಡುಗನನ್ನು ಆರಿಸುವ ಈ ಪದ್ಧತಿ ಭ್ರಷ್ಟಾಚಾರಕ್ಕೆ ಎಡೆಗೊಡುವುದಿಲ್ಲ ಎಂಬುದು ಅದರ ಸಮರ್ಥನೆ; ಅದನ್ನು ಒಪ್ಪಿದರೂ ಕೆಲಸಕ್ಕೂ ಅರ್ಹತೆಗೂ ಇರುವ ದೂರ ಕಣ್ಣಿಗೆ ಹೊಡೆಯುತ್ತದೆ.

ರೈಡರ್‌ನ ಕೌಶಲಕ್ಕೆ ಸಲ್ಲುವ ಬೆಲೆ ಸಿಗುವುದು ಕೊರಿಯರ್ ಹಬ್ಬಿನ ಒಳಗೆ. ಅಲ್ಲಿ ಬೆಳಗ್ಗೆ ಬಂದ ಚೀಲಗಳನ್ನು ಸ್ಕ್ಯಾನ್ ಮಾಡಿ, ಪ್ರದೇಶವಾರು ಬಿಡಿಸಿ, ಪ್ರತಿ ರೈಡರ್‌ಗೆ ರನ್‌ಶೀಟ್ ಮಾಡಬೇಕು. ಸಂಜೆ ಮರಳಿದ ಪಾರ್ಸೆಲ್ಲುಗಳಿಗೆ ಕಾರಣ ಬರೆಸಿಕೊಂಡು, ವಸೂಲಾದ ನಗದನ್ನು ತಾಳೆ ನೋಡಬೇಕು. 'ಗ್ರಾಹಕರು ಮನೆಯಲ್ಲಿಲ್ಲ' ಎಂಬ ಕಾರಣ ಎಲ್ಲಿ ನಿಜ, ಎಲ್ಲಿ ರೈಡರ್ ದೂರದ ಮನೆಯನ್ನು ಬಿಟ್ಟುಬಂದ ನೆಪ ಎಂಬುದು ಆ ಬೀದಿಯಲ್ಲಿ ಓಡಾಡಿದವನಿಗೆ ಓದಿದೊಡನೆ ತಿಳಿಯುತ್ತದೆ. ಇದರ ಜೊತೆ ಕೇರಳದ್ದೇ ಆದ ಒಂದು ತಿಳಿವಳಿಕೆ ಬೇಕು: 1978ರ ತಲೆಹೊರೆ ಕಾರ್ಮಿಕರ ಕಾಯ್ದೆಯಡಿ ಎಲ್ಲಿ ಲೋಡಿಂಗ್ ಯಾರ ಹಕ್ಕು, ಯಾವ ಸಂಘದೊಡನೆ ಹೇಗೆ ಮಾತಾಡಬೇಕು ಎಂಬುದು. ಹೊರಗಿನಿಂದ ಬಂದ ಮ್ಯಾನೇಜರುಗಳು ತಡವರಿಸುವುದು ಇಲ್ಲಿಯೇ.

ಇಂಥ ಹಬ್ ಕೆಲಸಗಳು ಬಹಳಷ್ಟು ಗುತ್ತಿಗೆ ಏಜೆನ್ಸಿಗಳ ಮೂಲಕ ಬರುತ್ತವೆ, ಆದ್ದರಿಂದ ಕಾಯಂ ಎನ್ನಲು ಹಿಂಜರಿಕೆಯಾಗುತ್ತದೆ. ಆದರೂ ಒಂದು ಗುರುತಿನಿಂದ ಅವನ್ನು ಜರಡಿ ಹಿಡಿಯಬಹುದು: ಭವಿಷ್ಯನಿಧಿಯ ಯುಎಎನ್ ಸಂಖ್ಯೆ. ಅದು ಇದ್ದರೆ ಯಾವ ಸಂಸ್ಥೆಯಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ದುಡಿದ ಎಂಬ ದಾಖಲೆ ತಾನಾಗಿ ಬೆಳೆಯುತ್ತದೆ, ಮಾಲೀಕ ಪತ್ರ ಕೊಡದಿದ್ದರೂ. ಸಂಬಳ ಆ್ಯಪಿನ ಸಂಪಾದನೆಗಿಂತ ಎರಡು ಸಾವಿರ ಕಡಿಮೆ ಎಂದು ಇಂಥ ಕೆಲಸ ಬಿಡುವವರು ಪೆಟ್ರೋಲು, ಬೈಕಿನ ಸವೆತ, ಇಎಸ್‌ಐ ಚಿಕಿತ್ಸೆ ಇವುಗಳ ಜೊತೆಗೆ ಈ ದಾಖಲೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಿಎಫ್ ಕಡಿತವಾಗುತ್ತಿದೆ ಎಂಬ ಬಾಯಿಮಾತು ಸಾಲದು. ಎರಡನೇ ತಿಂಗಳಲ್ಲಿ ಪಾಸ್‌ಬುಕ್ ತೆರೆದು ಜಮಾ ಕಂಡರೆ ಮಾತ್ರ ನಿಜ.

ಕೇಂದ್ರದ ಕೌಶಲ ವಿಕಾಸ ಯೋಜನೆಯಡಿ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ಏರ್ಪಾಡು ಕೌಶಲಕ್ಕೆ ಸಹಿ ಇಲ್ಲದ ಕೊರತೆಯನ್ನು ತುಂಬಲೆಂದೇ ಬಂದದ್ದು. ಕಿರು ತರಬೇತಿ, ಒಂದು ಮೌಲ್ಯಮಾಪನ, ಆಮೇಲೆ ಪ್ರಮಾಣಪತ್ರ. ಕೌಶಲ ಇದ್ದವನಿಗೆ ಇದು ಸುಲಭ. ಆದರೆ ಪಿಎಸ್‌ಸಿಯ ಚಾಲಕ ಹುದ್ದೆಯಾಗಲಿ ಅಂಚೆ ಇಲಾಖೆಯಾಗಲಿ ಅದನ್ನು ಕೇಳುವುದಿಲ್ಲ. ಯಾರೂ ಕೇಳದ ಪ್ರಮಾಣಪತ್ರ ಫೈಲಿನಲ್ಲಿಯೇ ಉಳಿಯುತ್ತದೆ.

ಅನುಭವ ಕಡ್ಡಾಯವಾದ ಹುದ್ದೆಗಳಿಗೆ ಪಿಎಸ್‌ಸಿ ಕೇಳುವ ಪತ್ರದ ನಮೂನೆಯಲ್ಲಿ ಒಂದು ವಿಶೇಷವಿದೆ. ಸಂಸ್ಥೆಯ ಮುಖ್ಯಸ್ಥ ಸಹಿ ಮಾಡಿದರೆ ಸಾಲದು. ಆ ಸಂಸ್ಥೆಯನ್ನು ತಪಾಸಣೆ ಮಾಡುವ ಅಧಿಕಾರವುಳ್ಳ ಸರ್ಕಾರಿ ಅಧಿಕಾರಿಯ ದೃಢೀಕರಣವೂ ಬೇಕು. ಖಾಸಗಿ ಆ್ಯಪಿನ ಚಾಲಕನಿಗೆ ಮೊದಲ ಸಹಿಯೇ ಸಿಗುವುದಿಲ್ಲ. ಆದರೆ ಕೇರಳದಲ್ಲಿ ಒಂದು ಅಪವಾದ ಸಾಧ್ಯವಿದೆ. 2022ರ ಆಗಸ್ಟ್ 17ರಂದು ತಿರುವನಂತಪುರದಲ್ಲಿ ಪ್ರಾಯೋಗಿಕವಾಗಿ ಶುರುವಾದ 'ಕೇರಳ ಸವಾರಿ' ಕಾರ್ಮಿಕ ಇಲಾಖೆಯದೇ ಯೋಜನೆ. ಆಗ ಶೇ. 8ರ ಸೇವಾಶುಲ್ಕವಿದ್ದ ಈ ಸೇವೆಗೆ ಚಾಲಕರನ್ನು ಸೇರಿಸಿಕೊಳ್ಳುವಾಗ ಪೊಲೀಸ್ ಪರಿಶೀಲನೆ, ತರಬೇತಿ ಇದ್ದವು. ಪ್ರಯಾಣಿಕರ ಸಂಖ್ಯೆಯಲ್ಲಿ ಅದು ಖಾಸಗಿ ಆ್ಯಪ್‌ಗಳಿಗೆ ಸಾಟಿಯಾಗಲಿಲ್ಲ ಎಂಬ ಟೀಕೆ ಸಾಕಷ್ಟು ಬಂದಿದೆ. ಟೀಕಾಕಾರರು ನೋಡದಿದ್ದ ಒಂದು ಅಂಶವೆಂದರೆ, ಇಲ್ಲಿ ಸವಾರಿಯ ದಾಖಲೆ ಇಡುವವನೂ ದೃಢೀಕರಿಸಬಲ್ಲವನೂ ಒಂದೇ ಇಲಾಖೆಯಲ್ಲಿದ್ದಾರೆ. ಇಷ್ಟು ದಿನ, ಇಷ್ಟು ಸವಾರಿ, ಅಪಘಾತದ ದಾಖಲೆ ಇಲ್ಲ ಎಂಬ ಒಂದು ಪುಟದ ಪತ್ರ ಕೊಡಲು ಹೊಸ ಕಾಯ್ದೆ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕೆಂದು ನನಗನಿಸುತ್ತದೆ.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಇನ್ನೊಂದು ಕಡೆಯಿಂದ ಇದೇ ಜಾಗಕ್ಕೆ ಬರುತ್ತದೆ. ಕಂಪನಿಗಳು ಕೆಲಸಗಾರರ ವಿವರವನ್ನು ಕಲ್ಯಾಣ ಮಂಡಳಿಗೆ ಸಲ್ಲಿಸಬೇಕು, ಪ್ರತಿಯೊಬ್ಬನಿಗೂ ಎಲ್ಲ ಕಂಪನಿಗಳಿಗೂ ಸಲ್ಲುವ ಒಂದೇ ಗುರುತಿನ ಸಂಖ್ಯೆ. ಮಂಡಳಿಯ ಕಣ್ಣು ಸದ್ಯ ಕಲ್ಯಾಣ ಶುಲ್ಕ, ವಿಮೆಗಳ ಮೇಲಿದೆ. ಅದೇ ಕಡತದಿಂದ ಸೇವಾವಧಿಯ ಪತ್ರವೂ ಹೊರಬರಬಹುದು, ಮಂಡಳಿಯ ನಿಯಮಗಳಲ್ಲಿ ಅದಕ್ಕೊಂದು ನಮೂನೆ ಸೇರಿಸಿದರೆ. ಬೆಂಗಳೂರಿನಲ್ಲಿ ಅಂಥ ಪತ್ರ ಪಡೆದ ಕಾಸರಗೋಡಿನ ಹುಡುಗ ಊರಿಗೆ ಮರಳಿ ಕೇರಳದ ಹುದ್ದೆಗೆ ಅರ್ಜಿ ಹಾಕಿದಾಗ ಅಲ್ಲಿಯ ಆಯೋಗ ಅದನ್ನು ಒಪ್ಪುವುದೋ ಇಲ್ಲವೋ ಎಂಬುದನ್ನು ಎರಡೂ ರಾಜ್ಯಗಳು ಕುಳಿತು ಮಾತಾಡಿಯೇ ತೀರ್ಮಾನಿಸಬೇಕಾಗುತ್ತದೆ.